ವಿದ್ಯಾರ್ಥಿನಿ ನಿಲಯದ ನಕ್ಷೆಗೆ ಕೊಟ್ಟ ಶುಲ್ಕ: ಒಂದು ವಿವರಣೆ



ಉದಯಗಿರಿಯ ನಿವೇಶನದಲ್ಲಿ ವಿದ್ಯಾರ್ಥಿನಿ ನಿಲಯ ಕಟ್ಟುವ ಯೋಜನೆಯನ್ನು ಈ ವರ್ಷ ಕೈಬಿಡಬೇಕಾಯಿತು. ಕಟ್ಟಡವೇ ಇಲ್ಲದಿದ್ದರೂ ಆರ್ಕಿಟೆಕ್ಟ್‌ಗೆ ಹಣ ಏಕೆ ಕೊಟ್ಟಿರಿ ಎಂದು ಕೆಲವು ದಾನಿಗಳು ಕೇಳಿದ್ದಾರೆ. ಕೇಳಬೇಕಾದ ಪ್ರಶ್ನೆಯೇ.

ನಿಲ್ಲಿಸಿದ್ದು ನಾವು, ದೇಣಿಗೆ ಸಾಲದ ಕಾರಣಕ್ಕೆ. ಆರ್ಕಿಟೆಕ್ಟ್ ಅವರ ತಪ್ಪೇನೂ ಇರಲಿಲ್ಲ. ಇಂಥ ಸಂದರ್ಭದಲ್ಲಿ ಮುಗಿದ ಹಂತಗಳ ಶುಲ್ಕ ಅವರಿಗೆ ಸಲ್ಲಬೇಕು. ಒಪ್ಪಂದದಂತೆ 30 ದಿನಗಳ ಲಿಖಿತ ನೋಟಿಸ್ ಕೊಟ್ಟು, ಯಾವ ದಿನ ಕೆಲಸ ನಿಲ್ಲಬೇಕೆಂದು ಅದರಲ್ಲೇ ಬರೆದೆವು. ಬಾಯಿಮಾತಿನಲ್ಲಿ ಹೇಳಿ ಸುಮ್ಮನಾಗಿದ್ದರೆ ಅವರ ಕಚೇರಿಯಲ್ಲಿ ಮುಂದಿನ ನಕ್ಷೆಗಳು ತಯಾರಾಗುತ್ತಲೇ ಇರುತ್ತಿದ್ದವು, ಲೆಕ್ಕವೂ ಬೆಳೆಯುತ್ತಿತ್ತು.

ತೊಡಕು ಬಂದದ್ದು ಶೇಕಡಾವಾರು ಲೆಕ್ಕದಲ್ಲಿ. ಕಟ್ಟಡದ ಅಂದಾಜು ವೆಚ್ಚ 80 ಲಕ್ಷ ರೂಪಾಯಿ. ಒಪ್ಪಿದ ಶುಲ್ಕ ಅದರ ಶೇ. 5, ಅಂದರೆ 4 ಲಕ್ಷ. ನಮ್ಮ ಒಪ್ಪಂದ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನ ಮಾದರಿಯಲ್ಲಿತ್ತು. ಆರಂಭಿಕ ಕಲ್ಪನೆಯ ನಕ್ಷೆಗೆ ಶೇ. 10, ಪ್ರಾಥಮಿಕ ವಿನ್ಯಾಸಕ್ಕೆ ಶೇ. 20, ಮಹಾನಗರ ಪಾಲಿಕೆಯ ಅನುಮೋದನೆಗೆ ಬೇಕಾದ ನಕ್ಷೆಗಳಿಗೆ ಶೇ. 35. ಮೂರೂ ಹಂತ ಮುಗಿದಿದ್ದವು, 80,000 ರೂ. ಆಗಲೇ ಕೊಟ್ಟಿದ್ದೆವು.

ಮೊದಲು ಬಂದ ಬಿಲ್ಲಿನಲ್ಲಿ ಈ ಮೂರನ್ನೂ ಕೂಡಿಸಿ ಶೇ. 65 ಎಂದು ಹಿಡಿದು, ಬಾಕಿ 1,80,000 ರೂ. ಎಂದು ಬರೆದಿತ್ತು. ಆದರೆ ಆ ಅಂಕಿಗಳು ಕೂಡಿಸುವಂಥವಲ್ಲ. ಪ್ರತಿ ಹಂತದ ಮುಂದೆ 'ಹಿಂದೆ ಪಾವತಿಸಿದ್ದನ್ನು ಕಳೆದು' ಎಂಬ ಮಾತಿದೆ. ಮೂರನೇ ಹಂತ ಮುಗಿದಾಗ ಒಟ್ಟು ಸಲ್ಲಬೇಕಾದದ್ದೇ ಶೇ. 35, ಅಂದರೆ 1,40,000 ರೂ. ಕೊಟ್ಟಿದ್ದನ್ನು ಕಳೆದರೆ ಬಾಕಿ 60,000. ಒಪ್ಪಂದದ ಆ ಪುಟವನ್ನು ಎದುರಿಗಿಟ್ಟು ಕುಳಿತಾಗ ಅವರೂ ಒಪ್ಪಿ ಹೊಸ ಬಿಲ್ ಕೊಟ್ಟರು.

ಈ 60,000ಕ್ಕೆ ಶೇ. 18 ಜಿಎಸ್‌ಟಿ 10,800 ಸೇರಿತು. ಶೇ. 10 ಟಿಡಿಎಸ್ ಎಂದು 6,000 ರೂ. ಹಿಡಿದು ಅವರ ಪ್ಯಾನ್ ಹೆಸರಿನಲ್ಲಿ ಆದಾಯ ತೆರಿಗೆ ಇಲಾಖೆಗೆ ಕಟ್ಟಿದೆವು. ಅವರ ಕೈಗೆ ಹೋದದ್ದು 64,800. ಎಲ್ಲವೂ ಕಟ್ಟಡ ನಿಧಿಯದು. ವಿದ್ಯಾರ್ಥಿವೇತನಕ್ಕೆ ಬಂದ ಝಕಾತ್ ಹಣವನ್ನು ಮುಟ್ಟಿಲ್ಲ.

ನಾಲ್ಕನೇ ಹಂತವಾದ ಕಾಮಗಾರಿ ನಕ್ಷೆಗಳು ಶುರುವಾಗಿರಲಿಲ್ಲ, ಅದು ನಮ್ಮ ಅದೃಷ್ಟ. ಹಂತವೊಂದು ಅರ್ಧಕ್ಕೆ ನಿಂತಿದ್ದರೆ ಯಾವ ಯಾವ ಹಾಳೆ ಮುಗಿದಿದೆ ಎಂದು ಪಟ್ಟಿ ಮಾಡಿ ಚೌಕಾಸಿ ಮಾಡಬೇಕಾಗುತ್ತಿತ್ತು.

ಹಣ ಕೊಟ್ಟ ದಿನವೇ ನಕ್ಷೆಗಳ ಸಹಿ ಮಾಡಿದ ಪ್ರತಿಗಳನ್ನೂ 'ಬಾಕಿ ಏನೂ ಇಲ್ಲ' ಎಂಬ ಪತ್ರವನ್ನೂ ಪಡೆದಿದ್ದೇವೆ. ನಕ್ಷೆಯ ಹಕ್ಕುಸ್ವಾಮ್ಯ ಅವರದೇ. ಅದೇ ವಿನ್ಯಾಸದಲ್ಲಿ ಕಟ್ಟುವುದಾದರೆ ಅವರ ಒಪ್ಪಿಗೆ ಬೇಕು. ಮುಂದೆ ಇನ್‌ಷಾ ಅಲ್ಲಾಹ್ ಬೇರೆ ಆರ್ಕಿಟೆಕ್ಟ್‌ರನ್ನು ನೇಮಿಸಿದರೆ, ಹಿಂದಿನವರ ಲೆಕ್ಕ ಮುಗಿದಿದೆಯೇ ಎಂದು ಅವರು ಮೊದಲು ಕೇಳುವುದು ಆ ಪತ್ರವನ್ನೇ. ಬಿಲ್ಲು, ರಸೀದಿಗಳ ಜೊತೆ ಅದು ಟ್ರಸ್ಟ್ ಕಚೇರಿಯಲ್ಲಿದೆ. ದಾನಿಗಳು ಬಂದು ನೋಡಬಹುದು.