ವೈಫೈ ಹೆಸರು ಒಂದೇ, ಆದರೂ ಟಿವಿ ಕಾಣದು

ಫೋನಿನಲ್ಲಿ ಕಾಸ್ಟ್ ಗುರುತನ್ನು ಒತ್ತಿದರೆ ಹುಡುಕಾಟದ ಚಕ್ರ ಸುತ್ತುತ್ತಲೇ ಇರುತ್ತದೆ, ಪಟ್ಟಿಯಲ್ಲಿ ಟಿವಿಯ ಹೆಸರು ಬರುವುದೇ ಇಲ್ಲ. ಟಿವಿ ಎದುರಿಗೇ ಇದೆ, ಅದರಲ್ಲಿ ಯೂಟ್ಯೂಬ್ ಸರಾಗವಾಗಿ ಓಡುತ್ತಿದೆ, ಫೋನಿನಲ್ಲೂ ಇಂಟರ್ನೆಟ್ ಇದೆ. ಎರಡೂ ಒಂದೇ ವೈಫೈನಲ್ಲಿವೆ ಎಂದು ಮನೆಯವರೆಲ್ಲ ಆಣೆ ಮಾಡಿ ಹೇಳುತ್ತಾರೆ. ಅವರ ಮಾತು ಎಷ್ಟೋ ಸಲ ಅರ್ಧ ಮಾತ್ರ ನಿಜ. ವೈಫೈನ ಹೆಸರು ಒಂದೇ ಆಗಿರುತ್ತದೆ, ಜಾಲ ಬೇರೆಯಾಗಿರುತ್ತದೆ.

ಫೋನು ಟಿವಿಯನ್ನು ಹುಡುಕುವ ರೀತಿ ಬೀದಿಯಲ್ಲಿ ನಿಂತು ಕೂಗಿದ ಹಾಗೆ. ‘ಕಾಸ್ಟ್ ಮಾಡಿಸಿಕೊಳ್ಳುವವರು ಇಲ್ಲಿ ಯಾರಿದ್ದೀರಿ?’ ಎಂಬ ಪ್ರಶ್ನೆಯನ್ನು ಅದು 224.0.0.251 ಎಂಬ ವಿಳಾಸಕ್ಕೆ ಕಳಿಸುತ್ತದೆ. ಇದು ಯಾವುದೋ ಒಂದು ಯಂತ್ರದ ವಿಳಾಸವಲ್ಲ, ಆ ಜಾಲದಲ್ಲಿ ಕಿವಿಗೊಟ್ಟಿರುವ ಎಲ್ಲರಿಗೂ ಕೇಳಿಸುವ ವಿಳಾಸ. ಟಿವಿಯೊಳಗೆ ಕಾಸ್ಟ್ ಸೇವೆ ಎಚ್ಚರವಾಗಿದ್ದರೆ ಅದು ತನ್ನ ಹೆಸರು, ವಿಳಾಸ ಹೇಳಿ ಉತ್ತರಿಸುತ್ತದೆ. ಆ್ಯಪಲ್‌ನ ಏರ್‌ಪ್ಲೇ ಕೂಡ ಹೆಚ್ಚುಕಡಿಮೆ ಹೀಗೇ ಹುಡುಕುತ್ತದೆ. ಈ ಕೂಗು ರೂಟರ್ ದಾಟಿ ಇನ್ನೊಂದು ಜಾಲಕ್ಕೆ ಹೋಗಬಾರದೆಂದೇ ಇದನ್ನು ರೂಪಿಸಿದ್ದಾರೆ. ಹಾಗಾಗಿ ನಿಮ್ಮ ಇಂಟರ್ನೆಟ್ ಎಷ್ಟು ವೇಗವಾಗಿದೆ ಎಂಬುದಕ್ಕೂ ಟಿವಿ ಕಾಣುವುದಕ್ಕೂ ಸಂಬಂಧವಿಲ್ಲ.

ಇದಕ್ಕೆ ಒಂದು ಅಪವಾದವಿದೆ. ಮಿರಾಕಾಸ್ಟ್ ಎಂಬ ಬಗೆಯ ಮಿರರಿಂಗ್ ರೂಟರ್‌ನ ಹಂಗಿಲ್ಲದೆ ಫೋನಿನಿಂದ ಟಿವಿಗೆ ನೇರ ಸಂಪರ್ಕ ಮಾಡಿಕೊಳ್ಳುತ್ತದೆ. ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲೂ ಹಲವು ಆಂಡ್ರಾಯ್ಡ್ ಫೋನ್‌ಗಳಲ್ಲೂ ಇದು ಇರುತ್ತದೆ. ಅಲ್ಲಿ ಟಿವಿ ಸಿಗದಿದ್ದರೆ ಫೋನಿನ ವೈಫೈ ಆನ್ ಆಗಿದೆಯೇ, ಟಿವಿಯಲ್ಲಿ ಸ್ಕ್ರೀನ್ ಶೇರ್ ಪರದೆಯನ್ನು ತೆರೆದು ಇಟ್ಟಿದ್ದೀರಾ ಎಂದು ನೋಡಬೇಕೇ ಹೊರತು ರೂಟರ್ ಕೆದಕುವುದು ವ್ಯರ್ಥ. ಇನ್ನು ಮುಂದಿನ ಮಾತೆಲ್ಲ ಕೂಗಿ ಹುಡುಕುವ ಬಗೆಯದು.

ಹೀಗೊಂದು ಮಹಡಿ ಮನೆ ಇದೆ ಎಂದುಕೊಳ್ಳಿ. ಕೆಳಗಿನ ಹಾಲ್‌ನಲ್ಲಿ ಫೈಬರ್ ಕಂಪನಿಯವರು ಕೊಟ್ಟ ಪೆಟ್ಟಿಗೆ ಇದೆ, ಅದೇ ವೈಫೈ ಕೂಡ ಕೊಡುತ್ತದೆ. ಮೇಲೆ ಸಿಗ್ನಲ್ ಸಾಲದೆ ಮನೆಯವರು ಇನ್ನೊಂದು ರೂಟರ್ ತಂದರು. ಹುಡುಗ ಬಂದು ಕೇಬಲ್ ಎಳೆದು, ಗೊಂದಲ ಬೇಡವೆಂದು ಎರಡಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಕೊಟ್ಟು ಹೋದ. ಟಿವಿ ಮೇಲಿನ ಕೋಣೆಯಲ್ಲಿದೆ. ಅಂದಿನಿಂದ ಕಾಸ್ಟ್ ಒಮ್ಮೆ ಆಗುತ್ತದೆ, ಒಮ್ಮೆ ಆಗುವುದಿಲ್ಲ.

ಇಲ್ಲಿ ನೋಡಬೇಕಾದದ್ದು ಐಪಿ ವಿಳಾಸ. ಫೋನಿನ ವೈಫೈ ಸೆಟ್ಟಿಂಗ್ಸ್‌ನಲ್ಲಿ ಸಂಪರ್ಕಗೊಂಡ ಹೆಸರಿನ ಪಕ್ಕದ ಗುರುತು ಒತ್ತಿದರೆ ಅದು ಸಿಗುತ್ತದೆ, ಟಿವಿಯಲ್ಲಿ ನೆಟ್‌ವರ್ಕ್ ಸೆಟ್ಟಿಂಗ್ಸ್‌ನೊಳಗೆ ಇರುತ್ತದೆ. ಈ ಮನೆಯಲ್ಲಿ ಫೋನಿನದು 192.168.1.14, ಟಿವಿಯದು 192.168.0.103. ಸಾಮಾನ್ಯವಾಗಿ ಮನೆಗಳಲ್ಲಿ ಮೊದಲ ಮೂರು ಅಂಕಿಗಳು ಎರಡರಲ್ಲೂ ಒಂದೇ ಇರಬೇಕು. ಇಲ್ಲಿ ಮೂರನೆಯದು ಬೇರೆ. ಮೇಲಿನ ರೂಟರ್ ಕೆಳಗಿನದರ ವಿಸ್ತರಣೆಯಾಗಿಲ್ಲ, ತನ್ನದೇ ಬೇರೆ ಸಂಸಾರ ಹೂಡಿ ತನ್ನದೇ ವಿಳಾಸಗಳನ್ನು ಹಂಚುತ್ತಿದೆ. ಕೆಳಗಿನ ಜಾಲದಲ್ಲಿ ಫೋನು ಕೂಗಿದ್ದು ಮೇಲಿನ ಜಾಲಕ್ಕೆ ಕೇಳಿಸುವುದಿಲ್ಲ. ಒಮ್ಮೊಮ್ಮೆ ಸರಿಹೋಗುವುದಕ್ಕೂ ಕಾರಣ ಇದೇ. ಫೋನು ಹಿಡಿದು ಮೇಲೆ ಹೋದಾಗ ಅದು ಸದ್ದಿಲ್ಲದೆ ಮೇಲಿನ ರೂಟರ್‌ಗೆ ಹಾರುತ್ತದೆ, ಟಿವಿ ಕಾಣುತ್ತದೆ. ಕೆಲವೊಮ್ಮೆ ಕೆಳಗಿನದನ್ನೇ ಜೋತುಬಿದ್ದು ಹಿಡಿದಿರುತ್ತದೆ, ಆಗ ಕಾಣುವುದಿಲ್ಲ. ‘ನಿನ್ನೆ ಬರ್ತಿತ್ತಲ್ಲ’ ಎಂಬ ದೂರಿನ ಹಿಂದೆ ಇದನ್ನು ಮೊದಲು ಅನುಮಾನಿಸುವುದು ಒಳ್ಳೆಯದು.

ಪರಿಹಾರ ಸರಳ. ಎರಡನೆಯ ರೂಟರ್‌ನ ಸೆಟ್ಟಿಂಗ್ಸ್ ಪುಟದಲ್ಲಿ Access Point ಎಂಬ ಮೋಡ್ ಇದ್ದರೆ ಅದನ್ನು ಆರಿಸಿ ಉಳಿಸಿದರೆ ಸಾಕು, ಅದು ವಿಳಾಸ ಹಂಚುವುದನ್ನು ಬಿಟ್ಟು ಕೆಳಗಿನ ಜಾಲವನ್ನೇ ಮುಂದುವರಿಸುತ್ತದೆ. ಹಳೆಯ ರೂಟರ್‌ನಲ್ಲಿ ಆ ಮೋಡ್ ಇರದಿದ್ದರೆ, ಮೊದಲು ಅದಕ್ಕೆ ಕೆಳಗಿನ ಜಾಲದಲ್ಲಿ ಬೇರಾರೂ ಬಳಸದ ವಿಳಾಸ ಕೊಟ್ಟು, ಆಮೇಲೆ ಅದರ DHCP ಆಫ್ ಮಾಡಿ, ಕೆಳಗಿನಿಂದ ಬಂದ ಕೇಬಲ್ಲನ್ನು WAN ಕಿಂಡಿಯಿಂದ ತೆಗೆದು LAN ಕಿಂಡಿಗೆ ಚುಚ್ಚಬೇಕು. ಬಳಿಕ ಟಿವಿಯನ್ನು ಮತ್ತೆ ಶುರುಮಾಡಿದರೆ ಅದರ ವಿಳಾಸವೂ 192.168.1 ಎಂದೇ ಆರಂಭವಾಗುತ್ತದೆ. ದುಬಾರಿ ಮೆಶ್ ರೂಟರ್‌ಗಳ ಜೋಡಿ ಕೊಂಡವರಿಗೂ ಈ ತೊಂದರೆ ತಪ್ಪಿದ್ದಲ್ಲ: ಫೈಬರ್ ಪೆಟ್ಟಿಗೆಯ ವೈಫೈ ಆನ್ ಆಗಿಯೇ ಉಳಿದಿದ್ದು, ಟಿವಿ ಅದಕ್ಕೆ ಅಂಟಿಕೊಂಡಿದ್ದರೆ ಕಥೆ ಇದೇ.

ಅಂಕಿಗಳು ಹೊಂದಿಕೆಯಾದರೂ ಟಿವಿ ಸಿಗದಿದ್ದರೆ ಅನುಮಾನ ಐಸೊಲೇಶನ್ ಕಡೆಗೆ ತಿರುಗಬೇಕು. ವೈಫೈನಲ್ಲಿರುವವರು ಇಂಟರ್ನೆಟ್‌ಗೆ ಮಾತ್ರ ಹೋಗಲಿ, ಒಬ್ಬರನ್ನೊಬ್ಬರು ಮುಟ್ಟದಿರಲಿ ಎಂದು ರೂಟರ್ ಹಾಕುವ ತಡೆ ಇದು. ಲಾಡ್ಜ್, ಪಿಜಿ, ಹೋಟೆಲ್‌ಗಳಲ್ಲಿ ಇದು ಇರಲೇಬೇಕು, ಇಲ್ಲವಾದರೆ ಪಕ್ಕದ ಕೋಣೆಯವರ ಹಾಡು ನಿಮ್ಮ ಟಿವಿಯಲ್ಲಿ ಕುಣಿಯುತ್ತದೆ. ಮನೆಯಲ್ಲಿ ಇದು ಹೆಚ್ಚಾಗಿ ಗೆಸ್ಟ್ ನೆಟ್‌ವರ್ಕ್ ರೂಪದಲ್ಲಿ ನುಸುಳುತ್ತದೆ. ಟಿವಿಯನ್ನೋ ಫೋನನ್ನೋ ಯಾವಾಗಲೋ ಗೆಸ್ಟ್ ಹೆಸರಿಗೆ ಜೋಡಿಸಿ ಮರೆತಿರುತ್ತಾರೆ.

ಇದನ್ನು ಖಚಿತಪಡಿಸಿಕೊಳ್ಳಲು ಲ್ಯಾಪ್‌ಟಾಪ್ ಇದ್ದರೆ ಒಂದು ದಾರಿ ಇದೆ. ಟಿವಿ ಆನ್ ಇಟ್ಟು, ಲ್ಯಾಪ್‌ಟಾಪನ್ನು ಫೋನ್ ಇರುವ ವೈಫೈಗೇ ಜೋಡಿಸಿ, ಕಮಾಂಡ್ ಪರದೆಯಲ್ಲಿ ಮೊದಲು ರೂಟರ್‌ನ, ಆಮೇಲೆ ಟಿವಿಯ ವಿಳಾಸ ಕೊಟ್ಟು ನೋಡಿ:

```
ping 192.168.1.1
ping 192.168.1.23
```

ರೂಟರ್ ಉತ್ತರಿಸಿ ಟಿವಿ ಉತ್ತರಿಸದಿದ್ದರೆ ನಡುವೆ ತಡೆ ಇರುವ ಸಾಧ್ಯತೆ ಬಲವಾಗಿದೆ. ರೂಟರ್‌ನ ವೈರ್‌ಲೆಸ್ ಸೆಟ್ಟಿಂಗ್ಸ್‌ನೊಳಗೆ AP Isolation ಅಥವಾ Client Isolation ಎಂದಿರುವುದನ್ನು ಆಫ್ ಮಾಡಿ. 2.4 ಮತ್ತು 5 ಗಿಗಾಹರ್ಟ್ಸ್‌ಗೆ ಬೇರೆ ಬೇರೆ ಹೆಸರಿದ್ದರೆ ಟಿವಿ ಕಾಣುವುದಿಲ್ಲ ಎಂದು ಹೇಳುವವರಿದ್ದಾರೆ. ಒಂದೇ ರೂಟರ್‌ನವಾದರೆ ಅವೆರಡೂ ಸಾಮಾನ್ಯವಾಗಿ ಒಂದೇ ಜಾಲ, ಅದಕ್ಕಾಗಿ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಟಿವಿ ಉತ್ತರಿಸಿಯೂ ಪಟ್ಟಿಯಲ್ಲಿ ಕಾಣದಿದ್ದರೆ ದಾರಿ ಸರಿಯಿದೆ, ಕೂಗುವವರೋ ಓಗೊಡುವವರೋ ಸುಮ್ಮನಿದ್ದಾರೆ ಎಂದರ್ಥ. ಫೋನಿನಲ್ಲಿ ವಿಪಿಎನ್ ಇದ್ದರೆ ನಿಲ್ಲಿಸಿ. ಐಫೋನ್‌ನಲ್ಲಿ 2020ರ ಐಓಎಸ್ 14ರಿಂದ ಪ್ರತಿ ಆ್ಯಪ್‌ಗೂ Local Network ಅನುಮತಿ ಬೇಕು. ಮೊದಲ ಸಲ ಕೇಳಿದಾಗ ಅವಸರದಲ್ಲಿ ಬೇಡವೆಂದವರು ಸೆಟ್ಟಿಂಗ್ಸ್‌ನ ಪ್ರೈವೆಸಿ ವಿಭಾಗಕ್ಕೆ ಹೋಗಿ ಅದನ್ನು ಮತ್ತೆ ಕೊಡಬಹುದು. ಆಂಡ್ರಾಯ್ಡ್ ಟಿವಿಯಲ್ಲಿ ಸಿಸ್ಟಮ್ ಆ್ಯಪ್‌ಗಳ ಪಟ್ಟಿ ತೆರೆದು Chromecast built-in ಅಥವಾ Google Cast ಎಂಬುದು ಡಿಸೇಬಲ್ ಆಗಿದೆಯೇ ನೋಡಿ. ರಿಮೋಟ್‌ನಿಂದ ಆರಿಸಿದ ಟಿವಿ ಬರೀ ಮಲಗಿರುತ್ತದೆ, ಸೇವೆ ಹೊಸದಾಗಿ ಏಳಬೇಕಾದರೆ ಪ್ಲಗ್ ಕಿತ್ತು ಒಂದು ನಿಮಿಷ ಬಿಟ್ಟು ಹಾಕಬೇಕು.

ಕೊನೆಯದು ಸ್ವಲ್ಪ ಚಾಲಾಕಿ ತೊಂದರೆ. ಟಿವಿ ಶುರುಮಾಡಿದೊಡನೆ ಪಟ್ಟಿಯಲ್ಲಿ ಬರುತ್ತದೆ, ಕೆಲವು ನಿಮಿಷ ಕಳೆದರೆ ಮಾಯ. ಯಾರಿಗೆ ಯಾವ ಕೂಗು ಬೇಕು ಎಂದು ರೂಟರ್ ಲೆಕ್ಕ ಇಡುವ IGMP Snooping ಎಂಬ ವ್ಯವಸ್ಥೆ ಎಡವಿ, ಟಿವಿಗೆ ಕೂಗು ತಲುಪಿಸುವುದನ್ನು ನಿಲ್ಲಿಸಿದಾಗ ಹೀಗಾಗುತ್ತದೆ. ಅದನ್ನು ಆಫ್ ಮಾಡಿ ನೋಡಬಹುದು. ಆದರೆ ಕೆಲವು ಫೈಬರ್ ಪೆಟ್ಟಿಗೆಗಳಲ್ಲಿ ಆ ಆಯ್ಕೆ ಗ್ರಾಹಕರ ಕೈಗೆ ಸಿಗುವುದಿಲ್ಲ. ಆಗ ಕಂಪನಿಗೆ ಫೋನ್ ಮಾಡಿ ಬರೀ ‘ಕಾಸ್ಟ್ ಆಗ್ತಿಲ್ಲ’ ಎಂದರೆ ಅವರು ಇಂಟರ್ನೆಟ್ ವೇಗ ನೋಡಿ ಫೋನ್ ಇಡುತ್ತಾರೆ. ‘ಪಿಂಗ್ ಹೋಗ್ತಿದೆ, ಟಿವಿ ಆನ್ ಆದ ಕೆಲವು ನಿಮಿಷಕ್ಕೆ ಪಟ್ಟಿಯಿಂದ ಮಾಯ ಆಗ್ತಿದೆ, ಮಲ್ಟಿಕಾಸ್ಟ್ ಸೆಟ್ಟಿಂಗ್ ನೋಡಿ’ ಎಂದೇ ಹೇಳಿ.