ಸ್ಟ್ರಾಂಗಲ್‌ನ ಒಂದು ಬದಿ ಮುರಿದಾಗ

1995ರ ಜನವರಿ 17ರ ನಸುಕಿನಲ್ಲಿ ಜಪಾನಿನ ಕೋಬೆ ನಗರ ಭೂಕಂಪಕ್ಕೆ ತತ್ತರಿಸಿತು. ಆಗ ಸಿಂಗಪುರದಲ್ಲಿ ಬೇರಿಂಗ್ಸ್ ಬ್ಯಾಂಕಿನ ವಹಿವಾಟು ನಡೆಸುತ್ತಿದ್ದ ನಿಕ್ ಲೀಸನ್, ನಿಕೈ ಸೂಚ್ಯಂಕದ ಕಾಲ್ ಮತ್ತು ಪುಟ್‌ಗಳನ್ನು ಒಂದೇ ಸ್ಟ್ರೈಕ್‌ನಲ್ಲಿ ರಾಶಿರಾಶಿಯಾಗಿ ಮಾರಿ ಕೂತಿದ್ದ. ಸೂಚ್ಯಂಕ ಅಲ್ಲಾಡದಿದ್ದರೆ ಪ್ರೀಮಿಯಂ ಪೂರ್ತಿ ಅವನದು. ಅದು ಅಲ್ಲಾಡಿತು, ಪುಟ್ ಬದಿ ಮುರಿಯಿತು. ಲೀಸನ್ ಪುಟ್‌ಗಳನ್ನು ವಾಪಸ್ ಕೊಳ್ಳುವ ಬದಲು ನಿಕೈ ಮೇಲೇರಲಿ ಎಂದು ಫ್ಯೂಚರ್ಸ್ ಕೊಳ್ಳುತ್ತಲೇ ಹೋದ. ಫೆಬ್ರವರಿ ಮುಗಿಯುವಷ್ಟರಲ್ಲಿ 82.7 ಕೋಟಿ ಪೌಂಡ್ ನಷ್ಟವಾಗಿ, 1762ರಲ್ಲಿ ಹುಟ್ಟಿದ ಬ್ಯಾಂಕು ಮುಳುಗಿತು. ಐಎನ್‌ಜಿ ಅದನ್ನು ಒಂದು ಪೌಂಡಿಗೆ ಕೊಂಡಿತು.

ನಷ್ಟವನ್ನು ಗುಟ್ಟಿನ ಖಾತೆಯಲ್ಲಿ ಮುಚ್ಚಿಟ್ಟಿದ್ದು ಲೀಸನ್‌ನ ಅಪರಾಧ, ನಿಜ. ಆದರೆ ಆಪ್ಷನ್ ಮಾರುವವರಿಗೆ ಅದರಾಚೆಗೂ ಒಂದು ಪ್ರಶ್ನೆ ಉಳಿಯುತ್ತದೆ: ಒಂದು ಬದಿ ಮುರಿದ ಗಳಿಗೆಯಲ್ಲಿ ಏನು ಮಾಡಬೇಕೆಂದು ಯಾವಾಗ ತೀರ್ಮಾನಿಸಬೇಕು? ನಷ್ಟ ಕಣ್ಣೆದುರು ಬೆಳೆಯುತ್ತಿರುವಾಗ ತೀರ್ಮಾನಿಸಿದರೆ ಅದು ಬಹುಪಾಲು ಆಸೆಯ ಮಾತಾಗಿರುತ್ತದೆ.

ಮೊದಲೇ ನಿಯಮ ಬರೆದಿಡಲು ಒಂದು ಅಳತೆ ಬೇಕಿತ್ತು. ಶಿಕಾಗೋದಲ್ಲಿ ಆಪ್ಷನ್ ವಿನಿಮಯ ಕೇಂದ್ರ ತೆರೆದ 1973ರಲ್ಲೇ ಬ್ಲ್ಯಾಕ್ ಮತ್ತು ಶೋಲ್ಸ್ ಅವರ ಸೂತ್ರವೂ ಪ್ರಕಟವಾಯಿತು. ಅದರಿಂದ ಸಿಗುವ ಡೆಲ್ಟಾ ಆ ಅಳತೆಯಾಯಿತು. ಸೂಚ್ಯಂಕ ಒಂದು ಅಂಶ ಸರಿದರೆ ಆಪ್ಷನ್ ಬೆಲೆ ಎಷ್ಟು ಸರಿಯುತ್ತದೆ ಎಂಬುದನ್ನು ಅದು ಹೇಳುತ್ತದೆ. ಆ ಕೇಂದ್ರದ ಅಂಗಳದಲ್ಲೇ ವ್ಯಾಪಾರ ಮಾಡಿದ್ದ ಟಾಮ್ ಸೋಸ್ನಾಫ್ 2011ರಲ್ಲಿ ಟೇಸ್ಟಿಟ್ರೇಡ್ ಶುರುಮಾಡಿದ ಮೇಲೆ, ಕೆಲವು ಸರಳ ಕಟ್ಟಳೆಗಳು ಸಣ್ಣ ವ್ಯಾಪಾರಿಗಳ ಬಾಯಲ್ಲೂ ಓಡಾಡತೊಡಗಿದವು. ಅರ್ಧ ಲಾಭಕ್ಕೆ ಹೊರಬಾ, ಎಕ್ಸ್‌ಪೈರಿಗೆ 21 ದಿನ ಇರುವಾಗ ಮತ್ತೆ ನೋಡು, ಒಂದು ಬದಿ ಒತ್ತಡಕ್ಕೆ ಸಿಕ್ಕರೆ ಇನ್ನೊಂದು ಬದಿಯನ್ನು ಹತ್ತಿರಕ್ಕೆ ತಾ.

ಕೊನೆಯದನ್ನು ನಿಫ್ಟಿಗೆ ಹೊಂದಿಸಿ ನೋಡೋಣ. ಇಲ್ಲಿನ ಬೆಲೆಗಳು ಉದಾಹರಣೆಗೆ ಮಾತ್ರ. ನಿಫ್ಟಿ 24,000ದಲ್ಲಿದೆ, ತಿಂಗಳ ಎಕ್ಸ್‌ಪೈರಿಗೆ 35 ದಿನ ಇದೆ. 25,000ದ ಕಾಲ್ 100ಕ್ಕೆ, 23,000ದ ಪುಟ್ 90ಕ್ಕೆ ಮಾರಿದಿರಿ. ಕೈಗೆ ಬಂದದ್ದು 190 ಅಂಶ. ಎಕ್ಸ್‌ಪೈರಿಯಲ್ಲಿ ನಿಫ್ಟಿ 22,810 ಮತ್ತು 25,190ರ ನಡುವೆ ಇದ್ದರೆ ನಷ್ಟವಿಲ್ಲ. ಆರಂಭದಲ್ಲಿ ಕಾಲ್‌ನ ಡೆಲ್ಟಾ ಸುಮಾರು 0.18. ಅದು 0.35 ದಾಟಿದರೆ ಪುಟ್ ಸರಿಸುವುದು, ಒಟ್ಟು ನಷ್ಟ ಮೊದಲ ಪ್ರೀಮಿಯಂನ ಎರಡು ಪಟ್ಟು, ಅಂದರೆ 380 ಮುಟ್ಟಿದರೆ ಎರಡನ್ನೂ ಮುಚ್ಚುವುದು ಎಂದು ಚೀಟಿಯಲ್ಲಿ ಬರೆದಿದ್ದೀರಿ.

ಹನ್ನೆರಡು ದಿನಕ್ಕೆ ನಿಫ್ಟಿ 24,700 ತಲುಪಿತು. ಕಾಲ್ 208 ಆಗಿ, ಡೆಲ್ಟಾ 0.39ಕ್ಕೆ ಏರಿದೆ. ಪುಟ್ 15ಕ್ಕೆ ಬಾಡಿಹೋಗಿದೆ. ನಿಯಮದಂತೆ ಅದನ್ನು 15ಕ್ಕೆ ವಾಪಸ್ ಕೊಂಡು 24,000ದ ಪುಟ್ ಅನ್ನು 70ಕ್ಕೆ ಮಾರುತ್ತೀರಿ. 55 ಅಂಶ ಹೆಚ್ಚು ಬಂದು ಒಟ್ಟು ಪ್ರೀಮಿಯಂ 245 ಆಯಿತು. ಆಮೇಲೆ ನಿಫ್ಟಿ 25,000 ಮುಟ್ಟಿ ಸ್ಟ್ರೈಕ್ ಮುರಿದರೂ ಗಾಬರಿ ಬೇಡ, ಮೇಲಿನ ಗಡಿ ಈಗ 25,245ರಲ್ಲಿದೆ.

ಕೇಳಲು ಸೊಗಸು. ಆದರೆ ಕೆಳಗಿನ ಗಡಿ ನೋಡಿ, 22,810ರಿಂದ 23,755ಕ್ಕೆ ಬಂದಿದೆ. ಮೇಲೆ 55 ಅಂಶದ ಜಾಗ ಗಳಿಸಲು ಕೆಳಗೆ 945 ಅಂಶ ಬಿಟ್ಟುಕೊಟ್ಟಿರಿ! ನಿಫ್ಟಿ ತಿರುಗಿ ಬಿದ್ದು 23,700ರಲ್ಲಿ ಮುಗಿದರೆ, ಕೈಯನ್ನೇ ಹಚ್ಚದವನಿಗೆ 190 ಅಂಶವೂ ದಕ್ಕುತ್ತದೆ, ನಿಮಗೆ 55 ನಷ್ಟ. ಮೇಲೆಯೇ ಓಡಿ 25,600ರಲ್ಲಿ ನಿಂತರೆ ಅವನ ನಷ್ಟ 410, ನಿಮ್ಮದು 355. ‘ಅಡ್ಜಸ್ಟ್‌ಮೆಂಟ್ ಮಾಡಿದರೆ ನಷ್ಟವಿಲ್ಲ’ ಎಂದು ಕ್ಲಾಸು ನಡೆಸುವವರು ಈ ಲೆಕ್ಕವನ್ನು ಬೋರ್ಡಿನ ಮೇಲೆ ಬರೆಯುವುದು ಅಪರೂಪ. ಪುಟ್ ಸರಿಸುವುದರಿಂದ ನಿಜವಾಗಿ ಆಗುವುದು ಒಟ್ಟು ಡೆಲ್ಟಾ ತಗ್ಗುವುದು, ಹಾಗಾಗಿ ಮುಂದಿನ ಸಣ್ಣ ಏರಿಕೆ ಅಷ್ಟು ಚುಚ್ಚುವುದಿಲ್ಲ. ನನ್ನ ದೃಷ್ಟಿಯಲ್ಲಿ ಚೀಟಿಯ ಎರಡನೇ ಸಾಲೇ ಮುಖ್ಯ, 380ರ ಸಾಲು. ಲೀಸನ್‌ಗೆ ಇಲ್ಲದೇ ಹೋದದ್ದು ಅದೇ.

ಆ ಸಾಲಿಗೂ ಮಿತಿಯುಂಟು. 2020ರ ಮಾರ್ಚ್ 23ರಂದು ಪೇಟೆ ತೆರೆದ ಸ್ವಲ್ಪ ಹೊತ್ತಿಗೇ ಸೆನ್ಸೆಕ್ಸ್ ಶೇ 10ರಷ್ಟು ಬಿದ್ದು, ವಹಿವಾಟು 45 ನಿಮಿಷ ನಿಂತಿತು. 2024ರ ಜೂನ್ 4ರಂದು, ಚುನಾವಣಾ ಫಲಿತಾಂಶದ ದಿನ, ಹಿಂದಿನ ದಿನ 23,264ರಲ್ಲಿ ಮುಗಿದಿದ್ದ ನಿಫ್ಟಿ 21,884ಕ್ಕೆ ಇಳಿಯಿತು. ಇಂಥ ದಿನ 0.20ರಲ್ಲಿದ್ದ ಡೆಲ್ಟಾ 0.35ರಲ್ಲಿ ನಿಂತು ನಿಮ್ಮನ್ನು ಕಾಯುವುದಿಲ್ಲ. ಜಿಗಿತ ಮುಗಿದ ಮೇಲಿನ ಬೆಲೆಗೇ ನೀವು ಕೊಳ್ಳಬೇಕು, ಅದೂ ಭಯದಿಂದ ಪ್ರೀಮಿಯಂ ಉಬ್ಬಿರುವಾಗ. ಬೀಳುವ ಪೇಟೆಯಲ್ಲಿ ಪುಟ್ ಬದಿ ಮುರಿಯುವುದು, ಏರುವ ಪೇಟೆಯಲ್ಲಿ ಕಾಲ್ ಬದಿ ಮುರಿಯುವುದಕ್ಕಿಂತ ಹೆಚ್ಚು ದುಬಾರಿಯಾಗುವುದು ಇದರಿಂದಲೇ.

ಹೀಗಾಗಿ ಚೀಟಿಗೆ ಮೂರನೇ ಸಾಲು ಸೇರಿತು: ಮಾರುವಾಗಲೇ ಇನ್ನಷ್ಟು ದೂರದ ಒಂದು ಕಾಲ್, ಒಂದು ಪುಟ್ ಕೊಂಡಿಡುವುದು. 2020ರ ಜೂನ್‌ನಲ್ಲಿ ಹೊಸ ಮಾರ್ಜಿನ್ ಪದ್ಧತಿ ಜಾರಿಗೆ ಬಂದು, ಹೀಗೆ ರಕ್ಷಣೆಯಿಟ್ಟ ವಹಿವಾಟಿಗೆ ಮಾರ್ಜಿನ್ ಬಹಳ ತಗ್ಗಿತು. ಕೊಂಡ ಆಪ್ಷನ್‌ಗಳು 190ರಲ್ಲಿ ಒಂದಿಷ್ಟನ್ನು ತಿನ್ನುತ್ತವೆ. ಬದಲಿಗೆ, ವಹಿವಾಟು ನಿಂತ ಆ 45 ನಿಮಿಷದಲ್ಲೂ ನಷ್ಟ ಎಲ್ಲಿಯವರೆಗೆ ಎಂಬುದು ಮೊದಲೇ ಗೊತ್ತಿರುತ್ತದೆ.