ಕರಾವಳಿಯ ಗಾಳಿಯಲ್ಲಿ ಕನ್ನಡಿ ಕೇಕ್

ಹೆಪ್ಪುಗಟ್ಟಿದ ಮೂಸ್ ಕೇಕಿನ ಮೇಲೆ ಒಂದೇ ಧಾರೆಯಲ್ಲಿ ಇಳಿದು, ನೋಡುವವರ ಮುಖ ಕಾಣುವಷ್ಟು ಹೊಳೆಯುವ ಮಿರರ್ ಗ್ಲೇಜ್ ಫ್ರೆಂಚ್ ಪೇಸ್ಟ್ರಿಯ ವಿದ್ಯೆ. 2016ರಲ್ಲಿ ರಷ್ಯಾದ ಓಲ್ಗಾ ನೋಸ್ಕೋವಾ ಅವರ ಕೇಕುಗಳು ಜಾಲತಾಣಗಳಲ್ಲಿ ಹರಿದಾಡಿದ ಮೇಲೆ ಮನೆಯಲ್ಲೇ ಬೇಕಿಂಗ್ ಮಾಡುವವರೂ ಇದಕ್ಕೆ ಕೈಹಾಕಿದರು. ಆದರೆ ಇದರ ಪಾಕವಿಧಾನಗಳು ಹೆಚ್ಚಾಗಿ ತಂಪಾದ, ಒಣ ಅಡುಗೆಮನೆಗಳಲ್ಲಿ ಹುಟ್ಟಿದವು. ಉಡುಪಿ, ಕಾಪುವಿನಂಥ ಕಡಲ ಮಗ್ಗುಲಿನ ಊರುಗಳಲ್ಲಿ ಅವನ್ನು ಅಕ್ಷರಶಃ ಪಾಲಿಸಿದರೂ ಕೆಲಸ ಕೆಡಬಹುದು.

ಒಂದು ಕಿಲೋ ತೂಗುವ 6 ಇಂಚಿನ ದುಂಡು ಕೇಕನ್ನೇ ತೆಗೆದುಕೊಳ್ಳೋಣ. 75 ಗ್ರಾಂ ನೀರು, ತಲಾ 150 ಗ್ರಾಂ ಸಕ್ಕರೆ ಮತ್ತು ಗ್ಲೂಕೋಸ್ ಸಿರಪ್ ಸೇರಿಸಿ 103 ಡಿಗ್ರಿಗೆ ಕುದಿಸಿ ಒಲೆ ಆರಿಸಬೇಕು. 10 ಗ್ರಾಂ ಜೆಲಾಟಿನನ್ನು 60 ಗ್ರಾಂ ತಣ್ಣೀರಿನಲ್ಲಿ ಮೊದಲೇ ನೆನೆಸಿಟ್ಟು, ಈಗ ಅದನ್ನು ಕರಗಿಸಬೇಕು. ಈ ಪಾಕವನ್ನು 100 ಗ್ರಾಂ ಕಂಡೆನ್ಸ್ಡ್ ಮಿಲ್ಕ್ ಮತ್ತು 150 ಗ್ರಾಂ ಬಿಳಿ ಚಾಕೊಲೇಟಿನ ಮೇಲೆ ಸುರಿಯಬೇಕು. ಕೇಕಿಗೆ ಅಂಟಿ ಉಳಿಯುವುದು ಸುಮಾರು 100 ಗ್ರಾಂ ಮಾತ್ರ. ಆದರೂ ಇಷ್ಟು ಬೇಕು, ಏಕೆಂದರೆ ಧಾರೆ ನಡುವೆ ಕಡಿಯಬಾರದು. ತಟ್ಟೆಗೆ ಇಳಿದದ್ದನ್ನು ಸೋಸಿ ಮತ್ತೆ ಬಳಸಬಹುದು.

ಪಾಕ ಸುರಿದ ಮೇಲೆ ಎಲ್ಲವನ್ನೂ ಹ್ಯಾಂಡ್ ಬ್ಲೆಂಡರಿನಿಂದ ಒಂದಾಗಿಸಬೇಕು. ಗುಳ್ಳೆಗಳು ಹುಟ್ಟುವುದು ಬಹುಪಾಲು ಇಲ್ಲಿಯೇ, ಬ್ಲೆಂಡರಿನ ಬಾಯಿಯಲ್ಲಿ. ಅದರ ಗಂಟೆಯಾಕಾರದ ತಲೆಯ ಒಳಗೆ ಗಾಳಿ ಸಿಕ್ಕಿಕೊಂಡಿರುತ್ತದೆ. ಆದ್ದರಿಂದ ಎತ್ತರದ, ಕಿರಿದಾದ ಜಗ್ಗಿನಲ್ಲಿ ತಲೆ ಪೂರ್ತಿ ಮುಳುಗುವಷ್ಟು ಗ್ಲೇಜ್ ಇರಲಿ. ಬ್ಲೆಂಡರನ್ನು ಓರೆಯಾಗಿ ಇಳಿಸಿ, ಮೆಲ್ಲಗೆ ಅಲುಗಾಡಿಸಿ, ಗಾಳಿ ಹೊರಬಂದ ಮೇಲೆ ನೆಟ್ಟಗೆ ಮಾಡಿ ಗುಂಡಿ ಒತ್ತಿ. ಯಂತ್ರ ನಿಲ್ಲುವ ತನಕ ಮೇಲೆತ್ತಬೇಡಿ. ಈ ಕೆಲಸ ಗ್ಲೇಜ್ ಬಿಸಿ ಇರುವಾಗಲೇ ಮುಗಿಯಬೇಕು. ತೆಳ್ಳಗಿರುವಾಗ ಗುಳ್ಳೆ ತಾನೇ ಮೇಲೇರಿ ಒಡೆಯುತ್ತದೆ, ತಣಿದು ದಪ್ಪಗಾದ ಮೇಲೆ ಅಲ್ಲೇ ಸೆರೆಯಾಗುತ್ತದೆ. ನಂತರ ಸಣ್ಣ ಕಣ್ಣಿನ ಜರಡಿಯಲ್ಲಿ ಸೋಸಿ, ಪ್ಲಾಸ್ಟಿಕ್ ಹಾಳೆಯನ್ನು ಗ್ಲೇಜಿನ ಮೈಗೇ ಅಂಟಿಸಿ ಮುಚ್ಚಿ, ರಾತ್ರಿಯಿಡೀ ಫ್ರಿಜ್ಜಿನಲ್ಲಿಡಬೇಕು. ಉಳಿದ ಗುಳ್ಳೆಗಳಲ್ಲಿ ಹೆಚ್ಚಿನವು ಹಾಳೆಯ ಜೊತೆಗೇ ಎದ್ದುಬರುತ್ತವೆ.

ಮರುದಿನ ಬಿಸಿನೀರಿನ ಪಾತ್ರೆಯಲ್ಲಿಟ್ಟು 40 ಡಿಗ್ರಿಗೆ ಕರಗಿಸಿ, ಕಡೆಯದೆ, ಸ್ಪಾಚುಲಾದಿಂದ ಮೆಲ್ಲಗೆ ತಿರುವುತ್ತ 33ಕ್ಕೆ ಇಳಿಸಬೇಕು. 38ರ ಮೇಲಿದ್ದರೆ ಗ್ಲೇಜ್ ಪಾರದರ್ಶಕವಾಗಿ ಜಾರಿ, ಅಂಚಿನಲ್ಲಿ ಮೂಸ್ ಇಣುಕುತ್ತದೆ. 29ಕ್ಕಿಂತ ಕೆಳಗಿದ್ದರೆ ಅಲೆಅಲೆಯಾಗಿ ನಿಂತು, ಬುಡದಲ್ಲಿ ದಪ್ಪ ಹನಿಗಳು ನೇತಾಡುತ್ತವೆ. ಥರ್ಮಾಮೀಟರ್ ಇದ್ದರೂ ನನ್ನ ನಂಬಿಕೆ ಫ್ರೀಜರಿನಲ್ಲಿಟ್ಟ ಸ್ಟೀಲ್ ಬಟ್ಟಲಿನ ಮೇಲೆ. ಅದನ್ನು ಬೋರಲು ಹಾಕಿ ಒಂದು ಚಮಚ ಸುರಿದು ನೋಡಿ. ಲೋಹ ಕಾಣದಂತೆ, ಏರುಪೇರಿಲ್ಲದೆ ಹರಡಿದರೆ ಹದ ಬಂದಿದೆ.

ಉಡುಪಿಯಲ್ಲಿ ಗ್ರಾಹಕರು ಕೇಳುವ ಇನ್ನೊಂದು ಮಾತಿದೆ: ಜೆಲಾಟಿನ್ ಹಾಕಿದ್ದೀರಾ? ಅದು ಪ್ರಾಣಿಜನ್ಯ. ಬದಲಿಗೆ ಚೈನಾ ಗ್ರಾಸ್ ಹಾಕಿದರೆ ಕೈಕೊಡುತ್ತದೆ. ಅದು 35ರಿಂದ 40 ಡಿಗ್ರಿಯಲ್ಲೇ ಗಟ್ಟಿಯಾಗುವುದರಿಂದ ನಾವು ಸುರಿಯುವ ಹೊತ್ತಿಗೆ ಗಡ್ಡೆ ಕಟ್ಟಿರುತ್ತದೆ. ಎನ್‌ಎಚ್ ಪೆಕ್ಟಿನ್ ಸಸ್ಯಾಹಾರಿಗಳಿಗೆ ಸರಿಯಾದ ದಾರಿ. ಆದರೆ ಅದರ ಸೂತ್ರವೇ ಬೇರೆ, ಹುಳಿಯೂ ಬೇಕು, ಸುರಿಯುವ ಬಿಸಿಯೂ ಹೆಚ್ಚು.

ಇನ್ನು ಗಾಳಿಯ ವಿಚಾರ. ಮಳೆಗಾಲದಲ್ಲಿ ಇಲ್ಲಿನ ಗಾಳಿಯಲ್ಲಿ ಎಷ್ಟು ತೇವವೆಂದರೆ 24 ಡಿಗ್ರಿಗಿಂತ ತಣ್ಣಗಿನ ಯಾವ ಮೈಯೂ ಬೆವರುತ್ತದೆ. ಫ್ರೀಜರಿನಿಂದ ತೆಗೆದ ಕೇಕ್ ಮೈನಸ್ 18ರಲ್ಲಿರುತ್ತದೆ. ಅದರ ಮೇಲೆ ಕೂಡಲೇ ಹಿಮದ ಪುಡಿ ಕೂರುತ್ತದೆ. ಅದರ ಮೇಲೆಯೇ ಸುರಿದರೆ ಆ ಕ್ಷಣಕ್ಕೆ ಕೇಕ್ ಚೆಂದವಾಗಿಯೇ ಕಾಣುತ್ತದೆ. ಫ್ರಿಜ್ಜಿನಲ್ಲಿ ಕೆಲವು ಗಂಟೆ ಕಳೆದಾಗ ಹಿಮ ಕರಗಿ, ಗ್ಲೇಜ್ ಬದಿಯಿಂದ ಸಡಿಲಗೊಂಡು ನೆರಿಗೆಯಾಗಿ ಕೆಳಗೆ ಜಾರುತ್ತದೆ. ಇದಕ್ಕೆ ಬೇಕರ್ ಜೆಲಾಟಿನನ್ನು ದೂರಿದರೆ ಫಲವಿಲ್ಲ. ಎಸಿ ಹಾಕಿ ಕೋಣೆಯ ತೇವ ಇಳಿಸಿ. ಗ್ಲೇಜ್ 33ಕ್ಕೆ ಬಂದ ಮೇಲೆಯೇ ಕೇಕನ್ನು ಅಚ್ಚಿನಿಂದ ಬಿಡಿಸಿ. ಒಣ ಕೈಗವಸಿನಿಂದ ಒಮ್ಮೆ ಸವರಿ, ಒಂದು ನಿಮಿಷದೊಳಗೆ ಸುರಿದುಬಿಡಿ: ತಗ್ಗಿನಿಂದ, ನಡುವಿನಿಂದ ಅಂಚಿಗೆ ಸುತ್ತುತ್ತ, ನಿಲ್ಲಿಸದೆ. ಒಂದೆರಡು ಗುಳ್ಳೆ ಕಂಡರೆ ಗ್ಲೇಜ್ ಗಟ್ಟಿಯಾಗುವ ಮುನ್ನ ಟೂತ್‌ಪಿಕ್ಕಿನಿಂದ ಒಡೆಯಬಹುದು.

ಮಣಿಪಾಲದಿಂದ ಕಾರ್ಕಳಕ್ಕೆ ಕಳಿಸುವ ಕೇಕಾದರೆ ಗಟ್ಟಿಯಿರುವಾಗಲೇ ಐಸ್ ಪೆಟ್ಟಿಗೆಯಲ್ಲಿ ಹೊರಡಲಿ, ಅಲ್ಲಿನ ಫ್ರಿಜ್ಜಿನಲ್ಲಿ ನಾಲ್ಕರಿಂದ ಆರು ಗಂಟೆ ಕರಗಲಿ. ಹೊರತೆಗೆದ ಕೂಡಲೇ ಡಬ್ಬಿ ತೆರೆಯಬೇಡಿ. ಸ್ವಲ್ಪ ಹೊತ್ತು ಮುಚ್ಚಿಟ್ಟರೆ ನೀರು ಡಬ್ಬಿಯ ಹೊರಮೈಗೆ ಕೂರುತ್ತದೆ, ಗ್ಲೇಜಿನ ಹೊಳಪು ಉಳಿಯುತ್ತದೆ. ಜೆಲಾಟಿನ್ 30 ಡಿಗ್ರಿ ದಾಟಿದರೆ ಸಡಿಲಗೊಳ್ಳುತ್ತದೆ. ಹಾಗಾಗಿ ಮೇ ತಿಂಗಳ ಮಧ್ಯಾಹ್ನ, ಎಸಿ ಇಲ್ಲದ ಚಪ್ಪರದಡಿ ಇಡುವ ಕೇಕಿಗೆ ಮಿರರ್ ಗ್ಲೇಜ್ ಬೇಡ ಎಂದು ಗ್ರಾಹಕರಿಗೆ ಮೊದಲೇ ಹೇಳಿಬಿಡಿ.